ಒಂದೇ ಸೀರೆ, ಮೂರು ಕೆಂಪು

ಮದುವೆ ಮುಗಿದು ಎರಡು-ಮೂರು ತಿಂಗಳಿಗೆ ಆಲ್ಬಂ ಮನೆಗೆ ಬರುತ್ತದೆ. ಮೊದಲ ದಿನ ಎಲ್ಲರೂ ತಮ್ಮ ತಮ್ಮ ಮುಖ ಹುಡುಕುತ್ತಾರೆ. ಎರಡನೇ ಸಲ ಪುಟ ತಿರುವುವಾಗಷ್ಟೇ ಯಾರೋ ಒಬ್ಬ ಚಿಕ್ಕಮ್ಮ ಕೇಳುತ್ತಾರೆ: "ಅಲ್ವೇ, ಧಾರೆಗೆ ಎರಡು ಸೀರೆ ಉಟ್ಟಿದ್ಯಾ? ಈ ಕಡೆ ಕುಂಕುಮದ ಕೆಂಪು ಇದೆ, ಆ ಕಡೆ ಇಟ್ಟಿಗೆ ಬಣ್ಣ ಇದೆ." ಉಟ್ಟದ್ದು ಒಂದೇ ಸೀರೆ. ಎರಡು ಚಿತ್ರಗಳ ನಡುವೆ ಹತ್ತು ನಿಮಿಷವೂ ಕಳೆದಿರಲಿಲ್ಲ. ಸೀರೆಯ ಮಾತು ಹಾಗಿರಲಿ, ಮದುಮಗನ ಕೆನ್ನೆಯನ್ನು ನೋಡಿ: ಅಂತರಪಟದ ಹಿಂದೆ ಗೋಧಿ ಬಣ್ಣ, ತಾಳಿ ಕಟ್ಟುವಾಗ ಸ್ವಲ್ಪ ಹಳದಿ, ಅಕ್ಷತೆ ಬೀಳುವ ಹೊತ್ತಿಗೆ ಗುಲಾಬಿ.

ಫೋಟೋಗ್ರಾಫರ್ ಸರಿಯಿಲ್ಲ ಎಂದೋ ಕ್ಯಾಮೆರಾ ಅಗ್ಗದ್ದು ಎಂದೋ ನಾವು ತೀರ್ಮಾನಿಸಿಬಿಡುತ್ತೇವೆ. ಆದರೆ ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾದಲ್ಲಿ, ಕೈ ಪಳಗಿದವರು ತೆಗೆದ ಚಿತ್ರಗಳಲ್ಲೂ ಹೀಗಾಗುತ್ತದೆ. ಮಂಟಪದಲ್ಲಿ ಕೂತಿದ್ದ ಇನ್ನೂರು ಜನರಲ್ಲಿ ಒಬ್ಬರಿಗೂ ಸೀರೆಯ ಬಣ್ಣ ಬದಲಾದಂತೆ ಕಂಡಿರಲಿಲ್ಲ. ಕಣ್ಣಿಗೆ ಕಾಣದ್ದು ಆಲ್ಬಮ್ಮಿಗೆ ಎಲ್ಲಿಂದ ಬಂತು?

ಕಣ್ಣಿನ ರಿಯಾಯಿತಿ

ಹಳದಿ ಶಾಮಿಯಾನದ ಕೆಳಗೆ ಮಧ್ಯಾಹ್ನ ಕೂತರೆ ಮೇಲಿಂದ ಸೋಸಿ ಬರುವ ಬೆಳಕೆಲ್ಲ ಹಳದಿ. ಬಿಳಿ ಪಂಚೆಯಿಂದ ಕಣ್ಣಿಗೆ ಬರುವುದೂ ಹಳದಿ ಬೆಳಕೇ. ಆದರೂ ಪಂಚೆ ಬಿಳಿಯಾಗಿಯೇ ಕಾಣುತ್ತದೆ. ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆಯವು. ಸುತ್ತಲ ಬೆಳಕಿನಲ್ಲಿ ಒಂದು ಬಣ್ಣ ಹೆಚ್ಚಾದರೆ ಅದನ್ನು ಗ್ರಹಿಸುವ ಬಗೆ ತನ್ನ ಚುರುಕನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೂರೂ ಬಗೆಗಳು ಹೀಗೆ ಪ್ರತ್ಯೇಕವಾಗಿ ಏರಿಳಿಯುತ್ತವೆ ಎಂಬ ವಿವರಣೆಯನ್ನು 1902ರಲ್ಲೇ ಕೊಟ್ಟವರು ಜರ್ಮನಿಯ ಯೊಹಾನೆಸ್ ಫಾನ್ ಕ್ರೀಸ್. ಕಣ್ಣು ಮತ್ತು ಮಿದುಳಿನ ಪೂರ್ತಿ ಕಥೆ ಇದಕ್ಕಿಂತ ಜಟಿಲ. ನಮ್ಮ ಇಂದಿನ ಕೆಲಸಕ್ಕೆ ಇಷ್ಟು ಸಾಕು.

ಈ ರಿಯಾಯಿತಿಗೆ ಒಂದು ಷರತ್ತಿದೆ. ಕಣ್ಣು ಒಗ್ಗಿಕೊಳ್ಳುವುದು ತಾನು ಕೂತಿರುವ ಜಾಗದ ಬೆಳಕಿಗೆ. ಮಂಟಪದಲ್ಲಿದ್ದಾಗ ಮಂಟಪದ ಬೆಳಕಿಗೆ ಒಗ್ಗಿತ್ತು. ಆಲ್ಬಂ ನೋಡುವಾಗ ಒಗ್ಗುವುದು ನಿಮ್ಮ ಮನೆಯ ಹಜಾರದ ಟ್ಯೂಬ್‌ಲೈಟಿಗೆ. ಹರಡಿದ ಪುಟದ ಎಡಭಾಗಕ್ಕೆ ಒಂದು ರೀತಿ, ಬಲಭಾಗಕ್ಕೆ ಇನ್ನೊಂದು ರೀತಿ ಒಗ್ಗಿಕೊಳ್ಳಲು ಅದಕ್ಕೆ ಆಗದು. ಮೂವತ್ತಾರು ಇಂಚು ಅಗಲದ ಹಾಳೆಯ ಮೇಲೆ ಆರು ಚಿತ್ರ ಒಟ್ಟಿಗೆ ಕೂತಾಗ, ಬಿಡಿಬಿಡಿಯಾಗಿ ನೋಡಿದ್ದರೆ ಗಮನಕ್ಕೇ ಬಾರದಿದ್ದ ವ್ಯತ್ಯಾಸ ಎದ್ದು ಕಾಣುತ್ತದೆ. ಫೋನಿನಲ್ಲಿ ಒಂದೊಂದೇ ಸರಿಸಿ ನೋಡಿ "ಚೆನ್ನಾಗಿದೆ" ಎಂದು ಒಪ್ಪಿದವರೇ ಆಲ್ಬಂ ಬಂದಾಗ ಜಗಳಕ್ಕೆ ನಿಲ್ಲುವುದು ಇದೇ ಕಾರಣಕ್ಕೆ. ಎರಡು ಸಲವೂ ಅವರು ಕಂಡದ್ದು ನಿಜವೇ.

ಕ್ಯಾಮೆರಾ ನಂಬಿರುವ ಸರಾಸರಿ

ಕಣ್ಣು ತಾನಾಗಿ ಮಾಡುವುದನ್ನು ಕ್ಯಾಮೆರಾ ಲೆಕ್ಕ ಹಾಕಿ ಮಾಡಬೇಕು. ಅದು ಅಳೆಯುವುದೂ ಮೂರನ್ನೇ: ಕೆಂಪು, ಹಸಿರು, ನೀಲಿ. ಬಲ್ಬಿನ ಬೆಳಕು ಕೆಂಪಿನ ಕಡೆ ವಾಲಿದ್ದರೆ ನೀಲಿಯನ್ನು ಗುಣಿಸಿ ಹಿಗ್ಗಿಸಬೇಕು, ಮರದ ನೆರಳಿನ ನೀಲಿ ಬೆಳಕಾದರೆ ಕೆಂಪನ್ನು ಹಿಗ್ಗಿಸಬೇಕು. ಬಿಳಿ ಬಟ್ಟೆ ಬಿಳಿಯಾಗಿಯೇ ಬರುವಂತೆ ಮೂರನ್ನೂ ಸರಿದೂಗಿಸುವ ಈ ಕೆಲಸಕ್ಕೆ ಸ್ಟುಡಿಯೊದವರು ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ನಾವು ಬಿಳಿಹೊಂದಿಕೆ ಎನ್ನೋಣ.

ಎಷ್ಟು ಗುಣಿಸಬೇಕು ಎಂಬುದೇ ತೊಡಕು. ಸೀರೆ ಕೆಂಪಾಗಿ ಬಂದಿದ್ದರೆ ಅದಕ್ಕೆ ಕಾರಣ ಸೀರೆಯೋ ಬೆಳಕೋ ಎಂದು ಕ್ಯಾಮೆರಾಕ್ಕೆ ಗೊತ್ತಿಲ್ಲ, ಅದಕ್ಕೆ ಸಿಗುವುದು ಎರಡೂ ಬೆರೆತ ಒಂದು ಸಂಖ್ಯೆ. ಹಾಗಾಗಿ ಅದು ಒಂದು ಊಹೆಯನ್ನು ನೆಚ್ಚುತ್ತದೆ: ಲೋಕದ ಎಲ್ಲ ಬಣ್ಣಗಳನ್ನೂ ಕಲಸಿದರೆ ಸರಾಸರಿ ಬೂದುಬಣ್ಣ ಬರಬೇಕು, ಬರಲಿಲ್ಲವೆಂದರೆ ತಪ್ಪು ಬೆಳಕಿನದು. ಈ ಉಪಾಯ ಡಿಜಿಟಲ್ ಕಾಲದ್ದೇನಲ್ಲ. ಕೊಡಕ್ ಕಂಪನಿಯ ರಾಲ್ಫ್ ಇವಾನ್ಸ್ 1940ರ ದಶಕದಲ್ಲೇ ಬಣ್ಣದ ಪ್ರಿಂಟ್ ಹಾಕುವ ಯಂತ್ರಗಳಿಗೆ ಇದನ್ನು ಸೂಚಿಸಿದ್ದರು. ಬೆಟ್ಟ, ಆಕಾಶ, ರಸ್ತೆ, ಜನ ಎಲ್ಲ ಇರುವ ಚಿತ್ರಕ್ಕೆ ಇದು ಚೆನ್ನಾಗಿಯೇ ಒದಗುತ್ತದೆ. ಒಂದೇ ಬಣ್ಣ ಇಡೀ ಚೌಕಟ್ಟನ್ನು ತುಂಬಿದಾಗ ಮುಗ್ಗರಿಸುತ್ತದೆ. ನಮ್ಮ ಮದುವೆಗಳಲ್ಲಿ ಒಂದೇ ಬಣ್ಣ ಚೌಕಟ್ಟು ತುಂಬದ ಗಳಿಗೆ ಎಷ್ಟಿದ್ದಾವು!

ಮುಹೂರ್ತದ ಮೂರು ಚಿತ್ರ ತೆಗೆದುಕೊಳ್ಳೋಣ. ಮಂಟಪದ ದೀಪಗಳು ಅವೇ, ಬೆಳಕು ಬದಲಾಗಿಲ್ಲ. ಮದುಮಗನ ಕೆನ್ನೆ ಸರಿಯಾಗಿ ಬಂದಾಗ ಕೆಂಪು 140, ಹಸಿರು 90, ನೀಲಿ 65 ಎಂದಿಟ್ಟುಕೊಳ್ಳಿ. ಲೆಕ್ಕ ತಿಳಿಯಲಿಕ್ಕೆಂದು ನಾನೇ ಆರಿಸಿದ ಅಂಕಿಗಳಿವು.

ಮೊದಲ ಚಿತ್ರದಲ್ಲಿ ಅಂತರಪಟ, ಪುರೋಹಿತರು, ಹಿಂದೆ ನೆಂಟರು, ಎಲ್ಲ ಬಣ್ಣವೂ ಇದೆ. ಸರಾಸರಿ ಬೂದುವಿಗೆ ಹತ್ತಿರವಾಗಿದೆ. ಕ್ಯಾಮೆರಾ ಏನನ್ನೂ ಕೆಡಿಸುವುದಿಲ್ಲ, ಕೆನ್ನೆ 140, 90, 65 ಆಗಿಯೇ ಉಳಿಯುತ್ತದೆ.

ಎರಡನೆಯದು ತಾಳಿ ಕಟ್ಟುವ ಹತ್ತಿರದ ಚಿತ್ರ. ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚು ಜಾಗ ಕೆಂಪು ರೇಷ್ಮೆ. ಇಡೀ ಚಿತ್ರದ ಸರಾಸರಿಯಲ್ಲಿ ಹಸಿರು, ನೀಲಿ ತಲಾ 60 ಇದ್ದರೆ ಕೆಂಪು 120. "ಬೆಳಕು ವಿಪರೀತ ಕೆಂಪಗಿದೆ" ಎಂದು ಕ್ಯಾಮೆರಾ ತೀರ್ಮಾನಿಸುತ್ತದೆ. ತನ್ನ ಊಹೆಯನ್ನು ಅದು ಪೂರ್ತಿ ನಂಬಿದರೆ ಕೆಂಪನ್ನು ಅರ್ಧಕ್ಕೆ ಇಳಿಸಬೇಕು. ಈಗಿನ ಕ್ಯಾಮೆರಾಗಳು ಅಷ್ಟು ದಡ್ಡವಲ್ಲ, ಅನುಮಾನ ಬಂದಲ್ಲಿ ಕೈ ಬಿಗಿ ಹಿಡಿಯುತ್ತವೆ. ಕಾಲುಭಾಗ ಮಾತ್ರ ನಂಬಿತು ಎನ್ನೋಣ. ಆಗಲೂ ಕೆನ್ನೆಯ ಕೆಂಪು 140ರಿಂದ ಸುಮಾರು 122ಕ್ಕೆ ಇಳಿಯುತ್ತದೆ, ಹಸಿರು ಮತ್ತು ನೀಲಿ ಹಾಗೆಯೇ ಉಳಿಯುತ್ತವೆ. ಮುಖ ಹಳದಿಗೆ ತಿರುಗಿ ಕಾಮಾಲೆ ಬಂದಂತಾಗುತ್ತದೆ, ಸೀರೆ ಮಂಕಾಗುತ್ತದೆ.

ಮೂರನೆಯದು ಅಕ್ಷತೆ ಹಾಕುವುದನ್ನು ಪಕ್ಕದಿಂದ ತೆಗೆದದ್ದು. ಹಿಂದೆಲ್ಲ ಬಾಳೆಕಂಬ, ಮಾವಿನ ತೋರಣ. ಸರಾಸರಿಯಲ್ಲಿ ಹಸಿರು ಹೆಚ್ಚು. ಕ್ಯಾಮೆರಾ ಹಸಿರನ್ನು ಕೊಂಚವೇ ಕತ್ತರಿಸುತ್ತದೆ, 90 ಇದ್ದದ್ದು 85 ಆಗುತ್ತದೆ. ಅಷ್ಟಕ್ಕೇ ಕೆನ್ನೆ ಗುಲಾಬಿಯಾಗುತ್ತದೆ.

ಮೂರು ಚಿತ್ರ, ಒಂದೇ ಬೆಳಕು, ಮೂರು ತೀರ್ಪು. ಯಾವ ಚಿತ್ರಕ್ಕೂ ಇನ್ನೊಂದು ಚಿತ್ರದ ಅರಿವಿಲ್ಲ. ಊಟದ ಪಂಕ್ತಿಯಲ್ಲಿ ಒಂದೊಂದು ಎಲೆಯ ಮುಂದೆಯೂ ನಿಂತು, ಅಲ್ಲಿ ಬಡಿಸಿರುವುದನ್ನು ನೋಡಿ, ಆ ಎಲೆಯ ಸಾರಿಗೆ ಅಂದಾಜಿನಲ್ಲಿ ಉಪ್ಪು ಉದುರಿಸುತ್ತ ಹೋಗುವ ಅಡುಗೆಯವನ ಕೆಲಸವಿದು. ಉಪ್ಪು ಹಾಕಬೇಕಾದದ್ದು ಕೊಪ್ಪರಿಗೆಗೆ, ಒಂದು ಸಲ.

ಬೆಳಕಿನ ಪ್ರಕಾರ ವಿಂಗಡಣೆ

ಇಲ್ಲಿ ಕೊಪ್ಪರಿಗೆ ಎಂದರೆ ಬೆಳಕು. ಒಂದು ಬೆಳಕಿನಲ್ಲಿ ತೆಗೆದ ಚಿತ್ರಗಳಿಗೆಲ್ಲ ಒಂದೇ ಬಿಳಿಹೊಂದಿಕೆ ಸಾಕು. ಅವುಗಳಲ್ಲಿ ಯಾರಿದ್ದಾರೆ, ಏನು ಉಟ್ಟಿದ್ದಾರೆ ಎಂಬುದರ ಗೊಡವೆ ಬೇಕಿಲ್ಲ. ಹಾಗಾಗಿ ಬಣ್ಣ ತಿದ್ದಲು ಕೂತವರು ಮೊದಲು ಚಿತ್ರಗಳನ್ನು ಶಾಸ್ತ್ರದ ಪ್ರಕಾರವಲ್ಲ, ಬೆಳಕಿನ ಪ್ರಕಾರ ಬೇರೆ ಮಾಡುತ್ತಾರೆ. ಅಂಗಳದ ನೆರಳಿನಲ್ಲಿ ನಡೆದ ಅರಿಶಿನ ಶಾಸ್ತ್ರ ಒಂದು ಗುಂಪು. ಅದೇ ಶಾಸ್ತ್ರದಲ್ಲಿ ಬಿಸಿಲಿಗೆ ಬಂದು ನೀರೆರೆದದ್ದು ಇನ್ನೊಂದು. ಮಂಟಪದ ಮೇಲೆ ಬರೀ ದೀಪ ಒಂದು, ಫ್ಲಾಷ್ ಸಿಡಿದದ್ದು ಮತ್ತೊಂದು.

ನಮ್ಮಲ್ಲಿ ಇದಕ್ಕೊಂದು ವಿಶೇಷ ಕಾಟವೂ ಸೇರಿಕೊಳ್ಳುತ್ತದೆ: ವಿಡಿಯೊದವರ ಲೈಟು. ಅದನ್ನು ಹಿಡಿದ ಹುಡುಗ ಒಮ್ಮೆ ವಧುವಿನ ಮುಖಕ್ಕೆ ಬಿಡುತ್ತಾನೆ, ಇನ್ನೊಮ್ಮೆ ಹೋಮಕುಂಡದ ಕಡೆ ತಿರುಗಿಸುತ್ತಾನೆ, ನಡುವೆ ಕೈ ಸೋತು ಕೆಳಗಿಳಿಸುತ್ತಾನೆ. ಎರಡು ಸೆಕೆಂಡಿನ ಅಂತರದ ಚಿತ್ರಗಳು ಬೇರೆ ಬೇರೆ ಗುಂಪಿಗೆ ಸೇರಬಹುದು. ಮೂಗಿನ ನೆರಳು ಯಾವ ಕಡೆ ಬಿದ್ದಿದೆ, ಕಣ್ಣಿನ ಪಾಪೆಯಲ್ಲಿ ಎಷ್ಟು ಬೆಳಕಿನ ಚುಕ್ಕೆಗಳಿವೆ ಎಂದು ನೋಡಿದರೆ ಗುಂಪು ಪತ್ತೆಯಾಗುತ್ತದೆ. ಚಿತ್ರ ತೆಗೆದ ಸಮಯ ಅಷ್ಟು ಸಹಾಯ ಮಾಡದು.

ಪ್ರತಿ ಗುಂಪಿಗೂ ಒಂದು ಆಧಾರಚಿತ್ರ ಬೇಕು. ಒಳ್ಳೆಯ ಫೋಟೋಗ್ರಾಫರ್ ಬೆಳಕು ಬದಲಾದಾಗಲೆಲ್ಲ ಬೂದುಬಣ್ಣದ ಕಾರ್ಡೊಂದನ್ನು ಯಾರ ಕೈಗಾದರೂ ಕೊಟ್ಟು ಒಂದು ಚಿತ್ರ ಹೊಡೆದಿಟ್ಟುಕೊಂಡಿರುತ್ತಾರೆ. ಆ ಕಾರ್ಡು ನಿಜಕ್ಕೂ ಬೂದು ಎಂದು ಗೊತ್ತಿರುವುದರಿಂದ ಅದರಲ್ಲಿ ಕಂಡ ವಾಲಿಕೆಯೆಲ್ಲ ಬೆಳಕಿನದೇ. ತಂತ್ರಾಂಶದ ಹೀರುಕಡ್ಡಿಯನ್ನು ಕಾರ್ಡಿನ ಮೇಲೆ ಒತ್ತಿದರೆ Temp ಮತ್ತು Tint ಎಂಬ ಎರಡು ಅಂಕಿ ಸಿಗುತ್ತವೆ. ಮೊದಲನೆಯದು ನೀಲಿ-ಹಳದಿಯ ನಡುವಿನ ಜಾಗ, ಎರಡನೆಯದು ಹಸಿರು-ಮೆಜೆಂಟಾ ನಡುವಿನದು. ಈ ಎರಡು ಅಂಕಿಗಳನ್ನು ಗುಂಪಿನ ಎಲ್ಲ ಚಿತ್ರಗಳಿಗೂ ನಕಲು ಮಾಡಿದರೆ ಮುಹೂರ್ತದ ಆ ಮೂರು ಕೆನ್ನೆಗಳೂ ಮತ್ತೆ 140, 90, 65ಕ್ಕೆ ಬರುತ್ತವೆ. ಆದರೆ ಮೂಲ ರಾ ಕಡತವಿರಬೇಕು. ಅದರಲ್ಲಿ ಕ್ಯಾಮೆರಾದ ತೀರ್ಪು ಬರೀ ಒಂದು ಟಿಪ್ಪಣಿಯಾಗಿ ಕೂತಿರುತ್ತದೆ, ಅಳಿಸಿ ಬೇರೆ ಬರೆಯಬಹುದು. ಜೆಪೆಗ್ ಕಡತದಲ್ಲಿ ಅದು ಚಿತ್ರದೊಳಗೇ ಬೆರೆತುಹೋಗಿರುತ್ತದೆ. ಸ್ವಲ್ಪ ತಿದ್ದಬಹುದು, ಪೂರ್ತಿ ಹಿಂದಕ್ಕೆ ಹೋಗಲಾಗದು.

ಹೊಸಬರು ಎಡವುವ ಜಾಗ ಇಲ್ಲೇ ಇದೆ. ಲೈಟ್‌ರೂಮ್ ತಂತ್ರಾಂಶದಲ್ಲಿ ಆಧಾರಚಿತ್ರದ ಬಿಳಿಹೊಂದಿಕೆ As Shot ಎಂದಿರುವಾಗಲೇ Sync ಒತ್ತಿದರೆ ಅಂಕಿಗಳು ನಕಲಾಗುವುದಿಲ್ಲ. "ಅವರವರದ್ದು ಅವರಿಗೆ" ಎಂಬ ಆದೇಶವಷ್ಟೇ ನಕಲಾಗುತ್ತದೆ. ಪ್ರತಿ ಚಿತ್ರವೂ ತನ್ನ ಕ್ಯಾಮೆರಾ ಕೊಟ್ಟ ತೀರ್ಪಿಗೇ ಅಂಟಿಕೊಳ್ಳುತ್ತದೆ, ಗುಂಪು ಇದ್ದಲ್ಲೇ ಇರುತ್ತದೆ. ಅಂಕಿಯನ್ನು ಕೈಯಾರೆ ಒಂದು ಚೂರು ಸರಿಸಿ, ಅಲ್ಲಿ Custom ಎಂದು ಕಾಣಿಸಿದ ಮೇಲೆಯೇ ನಕಲು ಮಾಡಬೇಕು.

ಎರಡು ಕಂಪನಿಗಳ ಕ್ಯಾಮೆರಾ ಬಳಸಿದ್ದರೆ ಗುಂಪನ್ನು ಮತ್ತೆ ಎರಡಾಗಿ ಒಡೆಯಬೇಕು. ಎರಡರಲ್ಲೂ Temp 4200 ಎಂಬ ಒಂದೇ ಅಂಕಿ ಇಟ್ಟರೂ ಬಣ್ಣ ಒಂದೇ ಬರುವುದಿಲ್ಲ. ಸೆನ್ಸರ್ ಮೇಲಿರುವ ಬಣ್ಣದ ಜಾಲರಿಗಳು ಬೇರೆ. ಆ ಅಂಕಿಗೆ ಅರ್ಥ ಸಿಗುವುದು ಆಯಾ ಕ್ಯಾಮೆರಾದ ಗುಣವಿವರದ, ಅಂದರೆ ಪ್ರೊಫೈಲಿನ, ಮೂಲಕ. ಇಪ್ಪತ್ತನಾಲ್ಕು ಬಣ್ಣದ ಚೌಕಗಳಿರುವ ಕಲರ್ ಚೆಕರ್ ಪಟವನ್ನು ಎರಡರಲ್ಲೂ ಒಂದೇ ಬೆಳಕಿನಲ್ಲಿ ಚಿತ್ರಿಸಿಕೊಂಡು ಪ್ರತ್ಯೇಕ ಗುಣವಿವರ ತಯಾರಿಸಿದರೆ ಅವು ಹತ್ತಿರ ಬರುತ್ತವೆ. ಆ ಪಟದ ಮೊದಲ ಎರಡು ಚೌಕಗಳೇ ಕಪ್ಪು ಮತ್ತು ತಿಳಿ ಚರ್ಮದ ಬಣ್ಣಗಳು.

ಬಿಳಿ ಪಂಚೆಯ ಮೋಸ

ಬೂದು ಕಾರ್ಡು ಹಿಡಿಯಲು ಮರೆತಿದ್ದರೆ? ಸಹಜವಾಗಿ ಹೊಳೆಯುವುದು ಮದುಮಗನ ಬಿಳಿ ಪಂಚೆ. ಹೀರುಕಡ್ಡಿಯನ್ನು ಅದರ ಮೇಲೊತ್ತಿದರೆ ಆಯಿತಲ್ಲ ಎನ್ನಿಸುತ್ತದೆ. ಆದರೆ ಹೊಸ ಬಿಳಿ ಬಟ್ಟೆಗೂ ಒಗೆಯುವ ಪುಡಿಗೂ ಹೊಳಪುಕಾರಕ ರಾಸಾಯನಿಕ ಸೇರಿಸಿರುತ್ತಾರೆ. ಅದು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಬಿಸಿಲಿನಲ್ಲಿ ಅತಿನೇರಳೆ ಧಾರಾಳ, ಕೆಲವು ಫ್ಲಾಷ್‌ಗಳಲ್ಲೂ ಉಂಟು, ಸಾಮಾನ್ಯ ಎಲ್‌ಇಡಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಂಗಳದಲ್ಲಿ ನೀಲಿ ಚಿಮ್ಮಿಸುವ ಪಂಚೆ ಮಂಟಪದ ಒಳಗೆ ಸುಮ್ಮನಿರುತ್ತದೆ. ಅದನ್ನೇ ಬಿಳಿ ಎಂದು ನಂಬಿ ಹೊಂದಿಸಿದರೆ ಹೊರಗಿನ ಚಿತ್ರಗಳಲ್ಲಿ ನೀಲಿಯನ್ನು ಕಳೆಯಹೋಗಿ ಎಲ್ಲರ ಮುಖಕ್ಕೂ ಅರಿಶಿನ ಹಚ್ಚಿದಂತಾಗುತ್ತದೆ.

ಪಂಚೆಗಿಂತ ಮದುಮಗನ ಚರ್ಮವೇ ಹೆಚ್ಚು ನಂಬಿಗಸ್ತ. ಚರ್ಮಕ್ಕೆ ಬಣ್ಣ ಕೊಡುವವು ಮುಖ್ಯವಾಗಿ ಎರಡೇ: ಮೆಲನಿನ್ ಎಂಬ ಕಂದು ದ್ರವ್ಯ ಮತ್ತು ರಕ್ತದ ಕೆಂಪು. ಬೆಳ್ಳಗಿರುವವರು, ಎಣ್ಣೆಗಪ್ಪಿನವರು, ಗೋಧಿ ಬಣ್ಣದವರು ಎಂದು ನಾವು ಗುರುತಿಸುವ ವ್ಯತ್ಯಾಸ ಹೆಚ್ಚಾಗಿ ಗಾಢತೆಯದು. ಬಣ್ಣದ ಚಕ್ರದ ಮೇಲೆ ಎಲ್ಲರೂ ಕೆಂಪಿಗೂ ಹಳದಿಗೂ ನಡುವಿನ ಒಂದು ಕಿರಿದಾದ ಹೋಳಿನಲ್ಲೇ ಸೇರುತ್ತಾರೆ. ಕೆಂಪನ್ನು ಸೊನ್ನೆ ಡಿಗ್ರಿ, ಹಳದಿಯನ್ನು 60 ಡಿಗ್ರಿ ಎಂದು ಎಣಿಸಿದರೆ ಚರ್ಮ ಸಾಮಾನ್ಯವಾಗಿ 15ರಿಂದ 30ರ ಒಳಗೆ ಬರುತ್ತದೆ. ವಿಡಿಯೊ ಸಂಕಲನಕಾರರ ತೆರೆಯ ಮೇಲೆ ಇದಕ್ಕೆಂದೇ ಒಂದು ಗೆರೆ ಎಳೆದಿರುತ್ತಾರೆ, ಮುಖದ ಚುಕ್ಕೆಗಳೆಲ್ಲ ಅದರ ಆಸುಪಾಸಿನಲ್ಲಿ ಬಿದ್ದರೆ ಸಮಾಧಾನ.

ನಮ್ಮ ಮೂರು ಕೆನ್ನೆಗಳನ್ನು ಈ ಚಕ್ರದ ಮೇಲೆ ಇಟ್ಟು ನೋಡಿ. ಮೊದಲನೆಯದು 20 ಡಿಗ್ರಿ, ತಾಳಿ ಕಟ್ಟುವಾಗ 26, ಅಕ್ಷತೆಯಲ್ಲಿ 16. ಮೂರೂ ಆ ಹೋಳಿನ ಒಳಗೇ ಇವೆ, ಒಂದೊಂದನ್ನೇ ತೋರಿಸಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಒಂದೇ ಮನುಷ್ಯನ ಕೆನ್ನೆ ಒಂದೇ ಪುಟದಲ್ಲಿ ಹತ್ತು ಡಿಗ್ರಿ ತೂಗಾಡಿದಾಗ ಮಾತ್ರ ಕಣ್ಣಿಗೆ ಚುಚ್ಚುತ್ತದೆ. ಆಲ್ಬಮ್ಮಿನ ಮಟ್ಟಿಗೆ "ಸರಿಯಾದ" ಬಣ್ಣಕ್ಕಿಂತ "ಅದೇ" ಬಣ್ಣ ಹೆಚ್ಚು ಬೆಲೆಯದು ಎಂದು ನಾನು ಹೇಳುವುದು ಇದನ್ನು ನೋಡಿಯೇ.

ಅಳೆಯಲು ವಧುವಿನ ಮುಖವನ್ನು ಆರಿಸದಿರುವುದು ಲೇಸು. ಅಲ್ಲಿ ಸಿಗುವುದು ಚರ್ಮಕ್ಕಿಂತ ಫೌಂಡೇಶನ್. ಅದರಲ್ಲಿ ಬಿಳಿ ಖನಿಜದ ಪುಡಿಯಿದ್ದರೆ ಫ್ಲಾಷ್ ಬಿದ್ದಾಗ ಮುಖ ಮಾತ್ರ ಬೆಳ್ಳಗೆ ಹೊಳೆದು ಕುತ್ತಿಗೆ ಹಿಂದುಳಿಯುತ್ತದೆ. ಮದುಮಗನ ಕೆನ್ನೆ, ಇಲ್ಲವೇ ಸೋದರಮಾವನ ಮೊಣಕೈ ಕೆಳಗಿನ ಭಾಗ ಹೆಚ್ಚು ಪ್ರಾಮಾಣಿಕ.

ಒಂದು ಮುಖಕ್ಕೆ ಎರಡು ಬೆಳಕು

ಇಲ್ಲಿಯವರೆಗಿನ ಉಪಾಯವೆಲ್ಲ ಒಂದು ಚಿತ್ರಕ್ಕೆ ಒಂದೇ ಬೆಳಕು ಎಂದು ನಂಬಿತ್ತು. ಕಲ್ಯಾಣಮಂಟಪದಲ್ಲಿ ಅದು ಅಪರೂಪ. ಮೇಲೆ ಹಳದಿ ದೀಪ, ಸುಮಾರು 3000 ಕೆಲ್ವಿನ್. ಕ್ಯಾಮೆರಾದ ತಲೆಯ ಮೇಲಿನ ಫ್ಲಾಷ್ ಸುಮಾರು 5500. ವಧುವಿನ ಮುಖದ ಮುಂಭಾಗಕ್ಕೆ ಫ್ಲಾಷ್, ಜಡೆಗೂ ಬೆನ್ನಿಗೂ ದೀಪ. ಮುಖಕ್ಕೆ ಹೊಂದಿಸಿದರೆ ಹಿಂದಿನವರೆಲ್ಲ ಕಿತ್ತಳೆ, ಹಿಂದಿನವರಿಗೆ ಹೊಂದಿಸಿದರೆ ಮುಖ ನೀಲಿ. ಇಡೀ ಚಿತ್ರವನ್ನು ಒಂದೇ ರೀತಿ ಗುಣಿಸುವ ಉಪಾಯಕ್ಕೆ ಇದು ಬಗ್ಗದು.

ಇದರ ಪರಿಹಾರ ಚಿತ್ರ ತೆಗೆಯುವಾಗಲೇ ಸುಲಭ. ಫ್ಲಾಷಿನ ಬಾಯಿಗೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಅಂಟಿಸಿದರೆ ಅದರ ಬೆಳಕೂ ಮಂಟಪದ ದೀಪದ ಕಡೆ ವಾಲುತ್ತದೆ, ಎರಡು ಬೆಳಕು ಒಂದಾಗುತ್ತದೆ. ಆ ಮೇಲೆ ಒಂದೇ ತಿದ್ದುಪಡಿ ಎಲ್ಲರಿಗೂ ಸಲ್ಲುತ್ತದೆ. ಜೆಲ್ ಹಾಕದೆ ತೆಗೆದುಬಿಟ್ಟಿದ್ದರೆ ಮುಖ ಮತ್ತು ಕೈಗಳನ್ನು ಗುರುತುಹಾಕಿ ಬೇರ್ಪಡಿಸಿ ಪ್ರತ್ಯೇಕ ತಿದ್ದಬೇಕು. ನೂರಾರು ಚಿತ್ರಗಳಲ್ಲಿ ಇದು ಯಾರಿಗೂ ಮುಗಿಯದ ಕೆಲಸ; ಆಲ್ಬಮ್ಮಿಗೆ ಆಯ್ಕೆಯಾದವಕ್ಕೆ ಮಾತ್ರ ಮಾಡಿ ಉಳಿದವನ್ನು ಬಿಡುವುದೇ ರೂಢಿ.

ಸೀರೆಯೂ ಒಂದು ಬೆಳಕಿನ ಮೂಲವೇ. ಬಿಸಿಲಿನಲ್ಲಿ ನಿಂತ ವಧುವಿನ ಗಲ್ಲದ ಕೆಳಗೆ ಕೆಂಪು ಕಂಡರೆ ಅದು ರೇಷ್ಮೆಯಿಂದ ಚಿಮ್ಮಿ ಬಂದ ಬೆಳಕು. ಅದನ್ನು ಅಳಿಸಲು ಹೊರಡುವವರಿದ್ದಾರೆ. ನನಗದು ಬೇಡದ ಉಸಾಬರಿ ಎನ್ನಿಸುತ್ತದೆ, ಯಾಕೆಂದರೆ ಅಲ್ಲಿದ್ದ ಕಣ್ಣಿಗೂ ಅದು ಹಾಗೆಯೇ ಇತ್ತು. ಹೋಮದ ಬೆಂಕಿಯ ಕೆಂಪೂ ಅಷ್ಟೇ. ಅದನ್ನು ಪೂರ್ತಿ ತೊಳೆದುಬಿಟ್ಟರೆ ಬೆಂಕಿಯ ಮುಂದೆ ಕೂತವರು ಟ್ಯೂಬ್‌ಲೈಟಿನ ಕೆಳಗೆ ಕೂತಂತೆ ಕಾಣುತ್ತಾರೆ.

ಕೆಂಪು ತುಂಬಿ ಚೆಲ್ಲಿದಾಗ

ಬಿಳಿಹೊಂದಿಕೆ ಸರಿಯಾದ ಮೇಲೂ ಸೀರೆ ಒಮ್ಮೊಮ್ಮೆ ಮಾತು ಕೇಳುವುದಿಲ್ಲ. ಅದಕ್ಕೆ ಕಾರಣ ಬೇರೆ. ಪರದೆಗೂ ಪ್ರಿಂಟಿಗೂ ಹೋಗುವ ಸಾಮಾನ್ಯ ಕಡತದಲ್ಲಿ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗೆ ಮಾತ್ರ ಜಾಗ. ಗಾಢ ಕೆಂಪು ರೇಷ್ಮೆಯ ಒಂದು ಮಡಿಕೆಯಲ್ಲಿ ಕೆಂಪು 250 ಮುಟ್ಟಿರುವಾಗ ಹಸಿರು 30ರಲ್ಲೂ ನೀಲಿ 25ರಲ್ಲೂ ಇರಬಹುದು. ಮುಖ ಕಪ್ಪಾಗಿದೆ ಎಂದು ಇಡೀ ಚಿತ್ರದ ಬೆಳಕು ಏರಿಸಿದಿರೋ, ಕೆಂಪು 255ಕ್ಕೆ ಮುಟ್ಟಿ ನಿಲ್ಲುತ್ತದೆ, ಹಸಿರು-ನೀಲಿ ಮಾತ್ರ ಏರುತ್ತಲೇ ಹೋಗುತ್ತವೆ. ಅವುಗಳ ನಡುವಿನ ಪ್ರಮಾಣ ಕೆಡುತ್ತದೆ. ಕುಂಕುಮದ ಕೆಂಪು ಕಿತ್ತಳೆಯ ಕಡೆ ಜಾರುತ್ತದೆ. ಮಡಿಕೆಯ ನೆರಳೂ ಬುಟ್ಟಾದ ಜರಿಯೂ ಒಂದೇ ಚಪ್ಪಟೆ ಕೆಂಪಿನಲ್ಲಿ ಕರಗುತ್ತವೆ. ಚಿಕ್ಕಮ್ಮ ಕೇಳಿದ್ದ ಇಟ್ಟಿಗೆ ಬಣ್ಣದ ಅರ್ಧ ಪಾಲು ಇದರದ್ದು.

ಚಿತ್ರದ ಒಟ್ಟು ಬೆಳಕಿನ ನಕ್ಷೆ ನೋಡಿದರೆ ಇದು ಗೊತ್ತಾಗುವುದಿಲ್ಲ, ಅದು ನೆಮ್ಮದಿಯಾಗಿ ನಡುವಲ್ಲೇ ಕೂತಿರುತ್ತದೆ. ಕೆಂಪಿನ ನಕ್ಷೆಯನ್ನು ಬೇರೆಯಾಗಿ ನೋಡಬೇಕು; ಅದು ಬಲಗೋಡೆಗೆ ಒತ್ತಿಕೊಂಡಿದ್ದರೆ ಕೆಂಪು ಚೆಲ್ಲಿದೆ ಎಂದರ್ಥ. ಅಂಥ ಚಿತ್ರದಲ್ಲಿ ಮುಖವನ್ನು ಮಾತ್ರ ಬೇರ್ಪಡಿಸಿ ಬೆಳಗಿಸಬೇಕು, ಸೀರೆಯ ಬೆಳಕನ್ನು ಮುಟ್ಟಬಾರದು.

ಸ್ಟುಡಿಯೊಗಳ ಇನ್ನೊಂದು ಅಭ್ಯಾಸ ಇಲ್ಲಿ ಹೇಳಲೇಬೇಕು. ಮುಖ ಬೆಳ್ಳಗೆ ಮಾಡಲು ಕಿತ್ತಳೆ ಬಣ್ಣದ ಪಟ್ಟಿಯನ್ನು ಹಿಡಿದು ಅದರ ಬೆಳಕು ಏರಿಸುತ್ತಾರೆ. ಚರ್ಮ ಆ ಪಟ್ಟಿಯಲ್ಲಿದೆ ಎಂಬುದು ನಿಜ. ಜರಿ, ಚೆಂಡು ಹೂ, ಅರಿಶಿನದ ಕೊಂಬು, ಹಿತ್ತಾಳೆ ದೀಪ, ಕೈ ಮೇಲಿನ ಮೆಹಂದಿ ಎಲ್ಲವೂ ಅದೇ ಪಟ್ಟಿಯಲ್ಲೋ ಅದರ ಅಂಚಿನಲ್ಲೋ ಇವೆ. ಒಂದು ಚಿತ್ರದಲ್ಲಿ ಪಟ್ಟಿ 10 ಏರಿಸಿ ಇನ್ನೊಂದರಲ್ಲಿ 30 ಏರಿಸಿದರೆ ಸೀರೆಯ ಅಂಚು ಒಮ್ಮೆ ಚಿನ್ನ, ಒಮ್ಮೆ ಬೆಳ್ಳಿ. ಹುಡುಗಿಯನ್ನು ಅವಳದ್ದಲ್ಲದ ಬಣ್ಣಕ್ಕೆ ತಿರುಗಿಸುವುದು ಸರಿಯೇ ಎಂಬ ಪ್ರಶ್ನೆ ಬೇರೆಯೇ ಇದೆ, ನನ್ನ ಮಟ್ಟಿಗೆ ಅದಕ್ಕೆ ಉತ್ತರವೂ ಸ್ಪಷ್ಟ. ಅದನ್ನು ಪಕ್ಕಕ್ಕಿಟ್ಟು ಬರೀ ಕಸುಬಿನ ದೃಷ್ಟಿಯಿಂದ ನೋಡಿದರೂ ಇದು ನಷ್ಟದ ವ್ಯಾಪಾರ: ಮುಖ ಎಷ್ಟು ಬೆಳ್ಳಗಾಗಬೇಕು ಎಂಬುದಕ್ಕೆ ಬೂದು ಕಾರ್ಡಿನಂಥ ಆಧಾರವೇ ಇಲ್ಲ, ಪ್ರತಿ ಚಿತ್ರದಲ್ಲೂ ಕೈಗೆ ಬಂದಷ್ಟು. ಸರಾಸರಿಯ ಊಹೆಯನ್ನು ಕ್ಯಾಮೆರಾದಿಂದ ಕಿತ್ತುಕೊಂಡು ಮನುಷ್ಯನ ಕೈಗೆ ಕೊಟ್ಟಂತಾಯಿತು ಅಷ್ಟೇ.

ಕೆಲಸದ ಕ್ರಮವೂ ಇದರಿಂದಲೇ ಹೊಮ್ಮುತ್ತದೆ. ಮೊದಲು ಗುಂಪಿನೊಳಗೆ ಬೆಳಕಿನ ಮಟ್ಟ ಮತ್ತು ಬಿಳಿಹೊಂದಿಕೆ ಸಮ ಮಾಡಬೇಕು. "ಸಿನಿಮಾ ಲುಕ್" ಎಂದು ಮಾರುವ ಸಿದ್ಧ ವರಸೆಗಳನ್ನು ಅದಾದ ಮೇಲೆ ಹಚ್ಚಬೇಕು. ಆ ವರಸೆಗಳು ಸಾಮಾನ್ಯವಾಗಿ ಕಪ್ಪು-ಬಿಳುಪಿನ ಅಂತರವನ್ನು ಹಿಗ್ಗಿಸುತ್ತವೆ, ಅದರ ಜತೆ ಬಣ್ಣದ ಅಂತರವೂ ಹಿಗ್ಗುತ್ತದೆ. ಸಮ ಮಾಡದ ಚಿತ್ರಗಳ ಮೇಲೆ ಹಚ್ಚಿದರೆ ಕಣ್ಣಿಗೆ ಬೀಳದಿದ್ದ ವ್ಯತ್ಯಾಸವೂ ಬೀಳುತ್ತದೆ.

ತಿದ್ದಲಾಗದ ನೇರಳೆ

ಎಲ್ಲ ಮುಗಿಯಿತೆನಿಸಿದ ಮೇಲೆ ಪರೀಕ್ಷೆ ಸುಲಭ. ಆಲ್ಬಮ್ಮಿನ ಎಲ್ಲ ಚಿತ್ರಗಳನ್ನೂ ಅಂಚೆಚೀಟಿಯಷ್ಟು ಚಿಕ್ಕದಾಗಿ ಒಂದೇ ಪರದೆಯ ಮೇಲೆ ಹರಡಿ ನೋಡಬೇಕು. ಮುಖ ಯಾರದೆಂದು ಗುರುತಾಗದಷ್ಟು ಚಿಕ್ಕದಾದಾಗ ಬಣ್ಣ ಮಾತ್ರ ಉಳಿಯುತ್ತದೆ. ದಾರಿ ತಪ್ಪಿದ ಚಿತ್ರ ತಾನಾಗಿ ಎದ್ದು ಬರುತ್ತದೆ. ಪರದೆಯ ರಾತ್ರಿ ಬೆಳಕಿನ ಸೌಕರ್ಯವನ್ನು ಆಫ್ ಮಾಡಿರಬೇಕು, ಇಲ್ಲದಿದ್ದರೆ ಪರದೆಯ ಹಳದಿಯನ್ನು ಸರಿದೂಗಿಸಲು ಹೋಗಿ ಕಣ್ಣು ಸಂಜೆ ತಿದ್ದಿದ ಚಿತ್ರಗಳನ್ನೆಲ್ಲ ನೀಲಿ ಮಾಡಿಟ್ಟಿರುತ್ತದೆ. ಅನುಮಾನ ಬಂದಲ್ಲಿ ಸೀರೆಯ ಅಂಚಿನ ಒಂದೇ ಜಾಗ, ಮದುಮಗನ ಕೆನ್ನೆಯ ಒಂದೇ ಜಾಗ ಅಳೆದು ಡಿಗ್ರಿ ಹೋಲಿಸಿದರೆ ಸಾಕು.

ಈ ಪರೀಕ್ಷೆಯಲ್ಲಿ ಸೋತು ಕೊನೆಗೂ ಉಳಿಯುವವು ಆರತಕ್ಷತೆಯ ಚಿತ್ರಗಳು. ವೇದಿಕೆಯ ಮೇಲೆ ನೇರಳೆ, ಕಡುನೀಲಿ ಎಲ್‌ಇಡಿ. ಬಿಸಿಲಿನಲ್ಲೂ ಬಲ್ಬಿನಲ್ಲೂ ಎಲ್ಲ ಬಣ್ಣದ ಬೆಳಕೂ ಹೆಚ್ಚುಕಡಿಮೆಯಾಗಿ ಇದ್ದೇ ಇರುತ್ತದೆ, ಅದಕ್ಕೇ ಗುಣಿಸಿ ಸರಿದೂಗಿಸಲು ಬರುತ್ತದೆ. ನೀಲಿ ಎಲ್‌ಇಡಿಯೊಂದು ಬಿಡುವುದು ನೀಲಿಯ ಒಂದು ಕಿರಿದಾದ ಪಟ್ಟಿ ಮಾತ್ರ. ಚರ್ಮದ ಕೆಂಪನ್ನು ತೋರಿಸಲು ಬೇಕಾದ ಕೆಂಪು ಬೆಳಕೇ ಅಲ್ಲಿರಲಿಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆ, ಹೆಚ್ಚೆಂದರೆ ಮರಳು ಮರಳಾದ ಕಲೆ ಬರುತ್ತದೆ. ಬಿಳಿ ಎಲ್‌ಇಡಿಗಳಲ್ಲೂ ಅಗ್ಗದವು ಗಾಢ ಕೆಂಪಿನಲ್ಲಿ ಬಡವು. ದೀಪದ ಡಬ್ಬಿಯ ಮೇಲೆ, ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದರ ಅಳತೆಯಾಗಿ, ಸಿಆರ್‌ಐ 80 ಎಂದು ಬರೆದಿದ್ದರೂ ಅದು ಎಂಟು ಮಂದ ಬಣ್ಣಗಳ ಸರಾಸರಿ. ಗಾಢ ಕೆಂಪಿಗೆ ಆರ್9 ಎಂಬ ಬೇರೆಯೇ ಅಂಕಿಯಿದೆ. ಅದು ಆ ಸರಾಸರಿಯೊಳಗೆ ಸೇರುವುದಿಲ್ಲ. ಸೀರೆಯ ಕೆಂಪಿಗೂ ಚರ್ಮದ ಜೀವಕಳೆಗೂ ಬೇಕಾದದ್ದು ಆ ಕೆಂಪೇ.

ಆರತಕ್ಷತೆಯಲ್ಲಿ ಮದುಮಗ ತೊಡುವ ಕಪ್ಪು ಕೋಟಿನದ್ದು ಇನ್ನೂ ವಿಚಿತ್ರ. ಕೆಲವು ಕೃತಕ ನೂಲಿನ ಕಪ್ಪು ಬಟ್ಟೆಗಳು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಚೆನ್ನಾಗಿ ಪ್ರತಿಫಲಿಸುತ್ತವೆ. ಕ್ಯಾಮೆರಾದ ಸೋಸುಗಾಜು ಅದನ್ನು ಪೂರ್ತಿ ತಡೆಯದಿದ್ದರೆ ಕೋಟು ಬದನೆಕಾಯಿ ಬಣ್ಣವಾಗುತ್ತದೆ. 2006ರಲ್ಲಿ ಬಂದ ಲೈಕಾ ಎಂ8 ಕ್ಯಾಮೆರಾದಲ್ಲಿ ಇದು ಎಷ್ಟು ಎದ್ದು ಕಂಡಿತೆಂದರೆ ಕಂಪನಿ ಕೊಂಡವರಿಗೆಲ್ಲ ಎರಡೆರಡು ಸೋಸುಗಾಜುಗಳನ್ನು ಪುಕ್ಕಟೆ ಕೊಡಬೇಕಾಯಿತು. ಬಿಳಿಹೊಂದಿಕೆಯಿಂದ ಇದು ಹೋಗುವುದಿಲ್ಲ. ಕೋಟನ್ನು ಮಾತ್ರ ಗುರುತುಹಾಕಿ ಅದರ ನೇರಳೆಯನ್ನು ಬತ್ತಿಸಬೇಕು, ಅದೂ ಆ ಗುಂಪಿನ ಎಲ್ಲ ಚಿತ್ರಗಳಲ್ಲೂ ಒಂದೇ ಪ್ರಮಾಣದಲ್ಲಿ.

ನೇರಳೆ ಬೆಳಕಿನ ಚಿತ್ರಗಳಿಗೆ ಉಳಿಯುವುದು ಎರಡು ದಾರಿ: ಕಪ್ಪು-ಬಿಳುಪು ಮಾಡುವುದು, ಇಲ್ಲವೇ ನೇರಳೆಯಾಗಿಯೇ ಬಿಡುವುದು. ಎರಡನೆಯದನ್ನು ಆರಿಸಿದವರು ಪುಟ ಜೋಡಿಸುವವರಿಗೆ ಒಂದು ಮಾತು ಹೇಳಿ ಕಳಿಸುತ್ತಾರೆ. ಆ ಚಿತ್ರಗಳಿಗೆ ಅವುಗಳದ್ದೇ ಹಾಳೆ ಕೊಡಿ, ಫ್ಲಾಷಿನಲ್ಲಿ ತೆಗೆದ ನೆಂಟರ ಸಾಲಿನ ಪಕ್ಕ ಒಂದನ್ನೂ ಇಡಬೇಡಿ, ನಡುವೆ ಊಟದ ಎಲೆಯದ್ದೋ ಹೂವಿನ ಅಲಂಕಾರದ್ದೋ ಒಂದು ಪುಟ ಬರಲಿ.